ರಾತ್ರಿ ಹತ್ತೂವರೆಯ ಫೈಲಿಗೆ ದಾರಿ ಕೇಳುವ ಪತ್ರ

ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘವನ್ನು ಕಣ್ಮುಂದೆ ತಂದುಕೊಳ್ಳಿ. ಹಗಲು ಟೆಂಡರ್ ನಡೆಯುತ್ತದೆ, ಸಂಜೆ ತೂಕ ಮತ್ತು ದರದ ಲೆಕ್ಕ ಮುಗಿಯುತ್ತದೆ. ರಾತ್ರಿ ಹತ್ತೂವರೆಗೆ ಸಂಘದ ಕಂಪ್ಯೂಟರು ಆ ದಿನದ ಪಾವತಿ ಪಟ್ಟಿಯನ್ನು ಒಂದು ಫೈಲ್ ಮಾಡಿ ಬ್ಯಾಂಕಿಗೆ ತಾನಾಗಿಯೇ ಕಳುಹಿಸಬೇಕು. ಬೆಳಿಗ್ಗೆ ಬೆಳೆಗಾರರ ಖಾತೆಗೆ ಹಣ ಜಮೆಯಾಗಬೇಕು. ಇಷ್ಟಾಗಲು ಮೊದಲು ಬ್ಯಾಂಕಿನ ತಾಂತ್ರಿಕ ವಿಭಾಗಕ್ಕೆ ಸಂಘ ಒಂದು ಪತ್ರ ಬರೆಯಬೇಕಾಗುತ್ತದೆ. ಸಾಮಾನ್ಯವಾಗಿ ಅದು ಎರಡೇ ಸಾಲಿನಲ್ಲಿ ಮುಗಿದುಬಿಡುತ್ತದೆ: ‘ನಮಗೆ ನಿಮ್ಮ ಸರ್ವರ್‌ಗೆ ಸಂಪರ್ಕ ಕೊಡಿ, ಫೈರ್‌ವಾಲ್ ತೆರೆಯಿರಿ.’ ಇಂಥ ಪತ್ರದಿಂದ ಕೆಲಸ ಆಗುವುದಿಲ್ಲ. ಓದುವವರು ಅದನ್ನಿಟ್ಟುಕೊಂಡು ಏನನ್ನೂ ಮಾಡಲಾರರು.

ಫೈರ್‌ವಾಲ್ ನೋಡಿಕೊಳ್ಳುವ ಎಂಜಿನಿಯರು ಬರೆಯುವ ನಿಯಮದಲ್ಲಿ ಮುಖ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ. ಯಾವ ವಿಳಾಸದಿಂದ, ಯಾವ ವಿಳಾಸಕ್ಕೆ, ಯಾವ ಪೋರ್ಟಿಗೆ ಬಂದದ್ದನ್ನು ಬಿಡಬೇಕೇ ತಡೆಯಬೇಕೇ ಎಂಬುದಷ್ಟೇ ಅದು. ಇಂಥ ರವಾನೆಗೆ ಬಹುತೇಕ ಬಳಕೆಯಲ್ಲಿರುವುದು ಎಸ್‌ಎಫ್‌ಟಿಪಿ. ಫಿನ್ಲೆಂಡಿನ ತಾತು ಯ್ಲೋನೆನ್ 1995ರಲ್ಲಿ ರೂಪಿಸಿದ ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಸಂಪರ್ಕದ ಒಳಗೆ ಇದು ಸಾಗುತ್ತದೆ. ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಓದಿದ ಮೇಲೆ ಅವರು ಅದನ್ನು ಬರೆದರು. ಅದಕ್ಕೆ ಗೊತ್ತುಮಾಡಿದ ಪೋರ್ಟ್ 22. ಬ್ಯಾಂಕು ಬೇರೆ ಪೋರ್ಟ್ ಇಟ್ಟುಕೊಂಡಿರಬಹುದು. ಊಹಿಸದೆ ಕೇಳಿ ತಿಳಿಯಬೇಕು.

ಬ್ಯಾಂಕು ಸ್ಥಿರ ವಿಳಾಸವನ್ನೇ ಏಕೆ ಕೇಳುತ್ತದೆ? ಇಂಟರ್‌ನೆಟ್‌ಗೆ ತೆರೆದಿಟ್ಟ 22ನೇ ಪೋರ್ಟನ್ನು ಜಗತ್ತಿನ ಎಲ್ಲೆಲ್ಲಿಂದಲೋ ಯಂತ್ರಗಳು ಹಗಲಿರುಳೂ ತಟ್ಟುತ್ತಿರುತ್ತವೆ. ಪರಿಚಿತ ವಿಳಾಸಗಳಿಗೆ ಮಾತ್ರ ಬಾಗಿಲು ತೆರೆದರೆ ಆ ಗಲಾಟೆಯೆಲ್ಲ ಹೊರಗೇ ಉಳಿಯುತ್ತದೆ. ವಿಳಾಸವನ್ನು ಸುಳ್ಳು ಹೇಳಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಆದರೆ ಸಂಪರ್ಕ ಏರ್ಪಡಬೇಕಾದರೆ ಬ್ಯಾಂಕಿನ ಸರ್ವರ್ ಕಳುಹಿಸುವ ಉತ್ತರ ಕೇಳಿದವರ ಕೈಸೇರಬೇಕು. ಸುಳ್ಳು ವಿಳಾಸ ಕೊಟ್ಟವನಿಗೆ ಆ ಉತ್ತರ ತಲುಪುವುದೇ ಇಲ್ಲ, ಮಾತು ಅಲ್ಲೇ ನಿಲ್ಲುತ್ತದೆ. ಹಾಗೆಂದು ವಿಳಾಸವೊಂದೇ ಸಾಲದು. ಸಂಘದ ಕಂಪ್ಯೂಟರಿನ ಮುಂದೆ ಯಾರು ಕುಳಿತಿದ್ದಾರೆ ಎಂಬುದನ್ನು ಅದು ಹೇಳಲಾರದು. ಅದಕ್ಕಾಗಿಯೇ ಬ್ಯಾಂಕು ಮೇಲಿಂದ ಡಿಜಿಟಲ್ ಕೀಲಿಯನ್ನೂ ಕೇಳುತ್ತದೆ.

ಪತ್ರಗಳು ಹೆಚ್ಚಾಗಿ ಎಡವುವುದು ಈ ವಿಳಾಸದಲ್ಲೇ. ಗುಮಾಸ್ತರು ಕಂಪ್ಯೂಟರಿನ ಸೆಟ್ಟಿಂಗ್ ತೆರೆದು ಅಲ್ಲಿ ಕಂಡ `192.168.1.15` ಎಂಬುದನ್ನು ಬರೆದುಬಿಡುತ್ತಾರೆ. ಅದು ಕಚೇರಿಯೊಳಗಿನ ಎಕ್ಸ್‌ಟೆನ್ಷನ್ ನಂಬರಿನಂಥದು. ಹೊರಗಿನಿಂದ ನೋಡಿದವರಿಗೆ ಬೋರ್ಡ್ ಲೈನಿನ ನಂಬರು ಮಾತ್ರ ಕಾಣುತ್ತದೆ. 192.168ರಿಂದ ಅಥವಾ 10ರಿಂದ ಶುರುವಾಗುವ ವಿಳಾಸಗಳು ಲಕ್ಷಾಂತರ ಕಚೇರಿಗಳಲ್ಲಿ ಇದ್ದೇ ಇವೆ. ಹೊರಗೆ ಕಾಣುವ ವಿಳಾಸ ತಿಳಿಯಲು ಫೈಲ್ ಕಳುಹಿಸುವ ಕಂಪ್ಯೂಟರಿನಿಂದಲೇ ಹೀಗೆ ಕೇಳಬೇಕು:

```
curl ifconfig.me
```

ಇಲ್ಲಿ ಬಂದ ಸಂಖ್ಯೆಯೂ ಸ್ಥಿರವೆಂದು ನಂಬಬೇಡಿ. ಸಾಮಾನ್ಯ ಬ್ರಾಡ್‌ಬ್ಯಾಂಡಿನಲ್ಲಿ ರೂಟರ್ ಆರಿ ಹೊತ್ತಿದಾಗ ವಿಳಾಸ ಬದಲಾಗಬಹುದು, ಒಂದೇ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿರಲೂಬಹುದು. ಇಂಟರ್‌ನೆಟ್ ಕೊಡುವ ಕಂಪನಿಯಿಂದ ‘ಸ್ಟಾಟಿಕ್ ಐಪಿ’ಯನ್ನು ಬೇರೆಯಾಗಿ ಪಡೆದು, ಅದು ನಿಮಗೊಬ್ಬರಿಗೇ ಮೀಸಲೆಂದು ಬರಹದಲ್ಲಿ ತೆಗೆದುಕೊಳ್ಳಿ.

ಈಗ ಪತ್ರ. ನಾನಾದರೆ ಹೀಗೆ ಬರೆಯುತ್ತೇನೆ. ಇಲ್ಲಿನ ವಿಳಾಸಗಳು ಉದಾಹರಣೆಗೆಂದೇ ಮೀಸಲಿಟ್ಟವು:

‘ಮಾನ್ಯರೇ, ನಮ್ಮ ಸಂಘದ ಸರ್ವರ್‌ನಿಂದ ತಮ್ಮ ಎಸ್‌ಎಫ್‌ಟಿಪಿ ಸರ್ವರ್‌ಗೆ ಪ್ರತಿ ರಾತ್ರಿ 10.30ಕ್ಕೆ ಒಂದು ಪಾವತಿ ಫೈಲ್ ಕಳುಹಿಸಬೇಕಾಗಿದೆ. ಸಂಪರ್ಕ ಯಾವಾಗಲೂ ನಮ್ಮ ಕಡೆಯಿಂದಲೇ ಶುರುವಾಗುತ್ತದೆ. ನಮ್ಮ ಸ್ಥಿರ ವಿಳಾಸಗಳು ಎರಡು: ಮುಖ್ಯ ಲೈನಿನದು `203.0.113.25`, ಅದು ಕೈಕೊಟ್ಟಾಗ ಬಳಸುವ ಎರಡನೇ ಲೈನಿನದು `198.51.100.40`. ಇವೆರಡರಿಂದ ಮಾತ್ರ ತಮ್ಮ ಸರ್ವರಿನ 22ನೇ ಪೋರ್ಟಿಗೆ ಟಿಸಿಪಿ ಸಂಪರ್ಕಕ್ಕೆ ಅನುಮತಿ ಕೋರುತ್ತೇವೆ. ತಮ್ಮ ಪರೀಕ್ಷಾ ಸರ್ವರ್, ಅಸಲಿ ಸರ್ವರ್ ಮತ್ತು ತುರ್ತು ಕೇಂದ್ರದ ಸರ್ವರ್, ಈ ಮೂರರ ಸ್ಥಿರ ವಿಳಾಸಗಳನ್ನು ತಿಳಿಸಿದರೆ ನಮ್ಮ ಫೈರ್‌ವಾಲಿನಲ್ಲೂ ಅಷ್ಟಕ್ಕೇ ದಾರಿ ಬಿಡುತ್ತೇವೆ. ನಮ್ಮ ಸಾರ್ವಜನಿಕ ಕೀಲಿಯನ್ನು ಲಗತ್ತಿಸಿದೆ. ರಾತ್ರಿ ತೊಂದರೆಯಾದರೆ ಮಾತನಾಡಬೇಕಾದವರ ಹೆಸರು ಮತ್ತು ಫೋನ್ ಕೆಳಗಿದೆ.’

ಎರಡನೇ ಲೈನಿನ ಮಾತು ಮುಖ್ಯ. ಜುಲೈ ತಿಂಗಳ ಒಂದು ರಾತ್ರಿ ಮರ ಬಿದ್ದು ಮುಖ್ಯ ಲೈನಿನ ಕೇಬಲ್ ತುಂಡಾಯಿತು ಎನ್ನಿ. ರೂಟರು ತಾನಾಗಿ ಎರಡನೇ ಲೈನಿಗೆ ಹೊರಳುತ್ತದೆ. ಕಚೇರಿಯಲ್ಲಿ ಇಂಟರ್‌ನೆಟ್ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಇಮೇಲ್ ಹೋಗುತ್ತದೆ, ಆದರೆ ಫೈಲ್ ಹೋಗುವುದಿಲ್ಲ. ಪತ್ರದಲ್ಲಿ ಒಂದೇ ವಿಳಾಸ ಬರೆದಿದ್ದರೆ, ಬ್ಯಾಂಕಿನ ಕಣ್ಣಿಗೆ ಬಾಗಿಲಲ್ಲಿ ನಿಂತವರು ಅಪರಿಚಿತರು. ಬೆಳಿಗ್ಗೆ ಫೋನ್ ಮಾಡಿದರೆ ‘ನಿಮ್ಮ ವಿಳಾಸದಿಂದ ಏನೂ ಬಂದಿಲ್ಲ’ ಎನ್ನುತ್ತಾರೆ. ಅವರು ಹೇಳುವುದೂ ನಿಜವೇ. ಆಗ ಕೇಳಬೇಕಾದ ಪ್ರಶ್ನೆ ಬೇರೆ: ‘ನಿನ್ನೆ ರಾತ್ರಿ 10.30ರ ಆಸುಪಾಸಿನಲ್ಲಿ ನೀವು ತಡೆದ ಸಂಪರ್ಕಗಳು ಯಾವ ಯಾವ ವಿಳಾಸದಿಂದ ಬಂದಿದ್ದವು?’ ಆ ಪಟ್ಟಿಯಲ್ಲಿ ನಿಮ್ಮ ಎರಡನೇ ಲೈನು ಸಿಗುತ್ತದೆ.

ಬ್ಯಾಂಕಿನ ತುರ್ತು ಕೇಂದ್ರದ ವಿಳಾಸ ಕೇಳಿದ್ದಕ್ಕೂ ಇಂಥದೇ ಕಾರಣ. ಬ್ಯಾಂಕುಗಳು ಆಗಾಗ ಅಭ್ಯಾಸಕ್ಕೆಂದು ಮುಖ್ಯ ಕೇಂದ್ರ ಬಿಟ್ಟು ಬೇರೆ ಊರಿನ ಕೇಂದ್ರದಿಂದ ಕೆಲಸ ನಡೆಸುತ್ತವೆ. ಸರ್ವರಿನ ಹೆಸರು ಅದೇ ಇರುತ್ತದೆ, ಹಿಂದಿರುವ ಸಂಖ್ಯೆ ಬದಲಾಗಿರುತ್ತದೆ. ನಿಮ್ಮದೇ ಫೈರ್‌ವಾಲ್ ಆ ದಿನ ಫೈಲನ್ನು ಹೊರಹೋಗದಂತೆ ತಡೆದೀತು.

ಅನುಮತಿ ಬಂತೆಂದು ತಿಳಿದ ದಿನ, ಫೈಲ್ ಕಳುಹಿಸುವ ಕಂಪ್ಯೂಟರಿನಿಂದಲೇ ಪರೀಕ್ಷಿಸಿ. ಬ್ಯಾಂಕಿನ ಸರ್ವರ್ `192.0.2.20` ಆಗಿದ್ದರೆ:

```
nc -vz 192.0.2.20 22
```

ತುಸು ಹೊತ್ತು ಸುಮ್ಮನಿದ್ದು `timed out` ಎಂದರೆ ಬಹುಶಃ ನಡುವೆ ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿದೆ. ನಿಮ್ಮದೋ ಅವರದೋ ಎಂಬುದನ್ನು ಇಬ್ಬರ ದಾಖಲೆ ನೋಡಿ ತಿಳಿಯಬೇಕು. ತಕ್ಷಣವೇ `refused` ಎಂದರೆ ಬಹುಶಃ ಯಂತ್ರದವರೆಗೆ ತಲುಪಿದ್ದೀರಿ, ಆ ಪೋರ್ಟಿನಲ್ಲಿ ಸೇವೆ ನಡೆಯುತ್ತಿಲ್ಲ. ಇದು ಸರಿಹೋಗಿ, ಎಸ್‌ಎಫ್‌ಟಿಪಿಯಲ್ಲಿ ಒಳಹೋಗುವಾಗ `Permission denied (publickey)` ಕಂಡರೆ ಫೈರ್‌ವಾಲ್ ತಂಡಕ್ಕೆ ಇನ್ನೊಂದು ಪತ್ರ ಬರೆಯಬೇಡಿ. ದಾರಿ ತೆರೆದಿದೆ, ಕೆಟ್ಟಿರುವುದು ಕೀಲಿಯ ಅಥವಾ ಬಳಕೆದಾರ ಹೆಸರಿನ ವ್ಯವಹಾರ. ಈ ಮೂರನ್ನು ಬೇರ್ಪಡಿಸಿ ಹೇಳದ್ದರಿಂದಲೇ ದೂರುಗಳು ಒಂದು ತಂಡದಿಂದ ಇನ್ನೊಂದಕ್ಕೆ ಅಲೆಯುತ್ತವೆ.

ಕೀಲಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದು ಜೋಡಿಯಾಗಿ ಹುಟ್ಟುತ್ತದೆ. ಪತ್ರದ ಜೊತೆ ಹೋಗಬೇಕಾದದ್ದು `.pub` ಎಂದು ಮುಗಿಯುವ ಫೈಲ್ ಮಾತ್ರ. ಇನ್ನೊಂದು ಖಾಸಗಿ ಕೀಲಿ. ಯಾರು ಕೇಳಿದರೂ, ಬ್ಯಾಂಕಿನವರೇ ಕೇಳಿದರೂ ಕೊಡಬಾರದು. ಹಾಗೆಯೇ ಮೊದಲ ಸಲ ಸಂಪರ್ಕಿಸಿದಾಗ ಪರದೆ ಬ್ಯಾಂಕಿನ ಸರ್ವರಿನ ಗುರುತನ್ನು `SHA256:` ಎಂದು ಶುರುವಾಗುವ ಅಕ್ಷರಸಾಲಿನಲ್ಲಿ ತೋರಿಸಿ ಒಪ್ಪಿಗೆಯೇ ಎಂದು ಕೇಳುತ್ತದೆ. ಬಹಳ ಮಂದಿ ಓದದೆ `yes` ಒತ್ತುತ್ತಾರೆ. ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಆ ಸಾಲನ್ನು ತಾಳೆ ನೋಡಿದ ಮೇಲೆಯೇ ಒಪ್ಪಬೇಕು. ಸರ್ವರಿನ ವಿಳಾಸ ಬದಲಾಗಿದೆ ಎಂದು ಮುಂದೊಂದು ದಿನ ಇಮೇಲ್ ಬಂದರೂ ಇದೇ ಕ್ರಮ, ಏಕೆಂದರೆ ಅಂಥ ಇಮೇಲನ್ನು ಯಾರು ಬೇಕಾದರೂ ಬರೆಯಬಹುದು.

ಇಂಟರ್‌ನೆಟ್ ಕಂಪನಿಯನ್ನು ಬದಲಿಸುವಾಗ ಹೊಸ ವಿಳಾಸ ಸೇರಿಸಿರೆಂದು ಎಲ್ಲರೂ ಬರೆಯುತ್ತಾರೆ. ಹಳೆಯದನ್ನು ತೆಗೆಯಿರೆಂದು ಬರೆಯುವುದನ್ನು ಮರೆಯುತ್ತಾರೆ. ನೀವು ಬಿಟ್ಟ ವಿಳಾಸವನ್ನು ಆ ಕಂಪನಿ ಮತ್ತೊಬ್ಬ ಗ್ರಾಹಕರಿಗೆ ಕೊಡುತ್ತದೆ. ನಿಮ್ಮ ಹೆಸರಿನಲ್ಲಿ ತೆರೆಸಿದ ದಾರಿ ಆಗ ಅವರಿಗೆ ತೆರೆದಿರುತ್ತದೆ. ಹೊಸ ಲೈನಿನಿಂದ ಫೈಲ್ ಸರಿಯಾಗಿ ಹೋದ ಮರುದಿನವೇ ಹಳೆಯ ವಿಳಾಸ ರದ್ದುಮಾಡಲು ಬ್ಯಾಂಕಿಗೆ ಬರೆಯಿರಿ, ರದ್ದಾಗಿದೆ ಎಂಬ ಉತ್ತರವನ್ನು ಕಡತದಲ್ಲಿಡಿ.