‘ಇಲ್ಲ’ ಎನ್ನಲೂ ಜಾಗ ಬಿಡುವ ಪತ್ರ

ಮಾರ್ಚ್ ತಿಂಗಳ ಎರಡನೇ ವಾರ ಕಳೆಯುತ್ತಿದ್ದಂತೆ ದೇಣಿಗೆ ಕೇಳುವ ಪತ್ರಗಳು ಬರತೊಡಗುತ್ತವೆ. ವೃದ್ಧಾಶ್ರಮ, ಅಂಧ ಮಕ್ಕಳ ಶಾಲೆ, ಗೋಶಾಲೆ, ಕ್ಯಾನ್ಸರ್ ರೋಗಿಗಳ ಟ್ರಸ್ಟ್, ಎಲ್ಲರಿಗೂ ಅದೇ ಹದಿನೈದು ದಿನ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಪಾಲಿಗೆ ಈ ಸುಗ್ಗಿ ಡಿಸೆಂಬರ್‌ನಲ್ಲೇ ಮುಗಿದಿರುತ್ತದೆ. ಅಲ್ಲಿನ ತೆರಿಗೆ ವರ್ಷ ಡಿಸೆಂಬರ್ 31ಕ್ಕೆ ಕೊನೆಯಾದರೆ, ನಮ್ಮದು ಮಾರ್ಚ್ 31ಕ್ಕೆ.

ಕೇಳುವುದರಲ್ಲಿ ತಪ್ಪೇನಿಲ್ಲ. ಜೋಳಿಗೆ ಹಿಡಿದು ಶಾಲೆ, ಹಾಸ್ಟೆಲ್ ಕಟ್ಟಿದವರ ನಾಡು ಇದು. ಕೇಳುವ ರೀತಿಯ ಬಗ್ಗೆ ಮಾತ್ರ ನನ್ನ ತಕರಾರು. ಬಹುಪಾಲು ಪತ್ರಗಳು ಓದುಗನನ್ನು ಮೊದಲು ಅಪರಾಧಿಯಾಗಿಸಿ, ಆಮೇಲೆ ಬಿಡುಗಡೆಯ ದಾರಿಯಾಗಿ ಕ್ಯೂಆರ್ ಕೋಡ್ ತೋರಿಸುತ್ತವೆ.

ಒಂದು ಮಾದರಿ ಇಟ್ಟುಕೊಂಡು ಮಾತಾಡೋಣ. ತಾಲ್ಲೂಕು ಕೇಂದ್ರವೊಂದರಲ್ಲಿ ಒಂದು ಸಣ್ಣ ಟ್ರಸ್ಟ್ ಇದೆ ಎಂದುಕೊಳ್ಳಿ. ಗುಣವಾಗದ ಕ್ಯಾನ್ಸರ್‌ನಿಂದ ಮನೆಯಲ್ಲೇ ಮಲಗಿರುವವರ ಬಳಿಗೆ ಅದರ ಜೀಪು ನರ್ಸ್ ಒಬ್ಬರನ್ನು ಕರೆದೊಯ್ಯುತ್ತದೆ. ಗಾಯ ತೊಳೆದು ಬ್ಯಾಂಡೇಜ್ ಕಟ್ಟುವುದು, ವೈದ್ಯರು ಬರೆದ ನೋವಿನ ಮಾತ್ರೆ ಹೊತ್ತು ಹೊತ್ತಿಗೆ ಹೋಗುತ್ತಿದೆಯೇ ನೋಡುವುದು, ಮನೆಯವರಿಗೆ ಆರೈಕೆ ಕಲಿಸುವುದು ಅವರ ಕೆಲಸ. ಇಂಥ ಟ್ರಸ್ಟ್‌ನ ವರ್ಷಾಂತ್ಯದ ಪತ್ರದ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ಮೇಲ್ಗಡೆ ಕೊಳೆತ ಗಾಯದ ಫೋಟೊ, ಕೆಳಗೆ ‘ನೀವು ಹೋಟೆಲಿನಲ್ಲಿ ಒಂದು ಸಂಜೆ ಉಡಾಯಿಸುವ ದುಡ್ಡು ಇವರಿಗೆ ಜೀವ’ ಎಂಬ ಸಾಲು, ಕೊನೆಗೆ ಕೆಂಪಕ್ಷರದಲ್ಲಿ ‘ಇನ್ನು ಮೂರೇ ದಿನ!’

ಫೋಟೊದಿಂದಲೇ ಶುರು ಮಾಡೋಣ. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ 2023ರಲ್ಲಿ ದತ್ತಿ ಸಂಸ್ಥೆಗಳ ಜಾಹೀರಾತಿಗೆಂದೇ ಮಾರ್ಗಸೂಚಿ ತಂದಿದೆ. ಸಂಕಟದಲ್ಲಿರುವವರ, ಅದರಲ್ಲೂ ಮಕ್ಕಳ, ಘೋರ ಚಿತ್ರ ತೋರಿಸಿ ಅವರ ಘನತೆಗೆ ಕುಂದು ತರಬಾರದು, ಕೊಡದವರು ನಾಚಿಕೆಪಡಬೇಕು ಎನ್ನುವಂತೆ ಬರೆಯಬಾರದು ಎಂದು ಅದರಲ್ಲಿದೆ. ಮಕ್ಕಳ ವಿಷಯದಲ್ಲಿ ಮಾತು ಕಾನೂನಿನವರೆಗೂ ಹೋಗುತ್ತದೆ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮಿನ ಪ್ರಕಾರ, ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತು ಬಯಲಾಗುವಂಥ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಬಾಲಮಂದಿರದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರಗಳನ್ನು ಒಳ್ಳೆಯ ಮನಸ್ಸಿನವರೇ ಹಂಚುತ್ತಿರುತ್ತಾರೆ, ಈ ಕಲಮಿನ ಸುದ್ದಿಯೇ ಇಲ್ಲದೆ.

‘ಮುಟ್ಟುವ ಚಿತ್ರ, ಚುಚ್ಚುವ ಮಾತು ಇಲ್ಲದಿದ್ದರೆ ಯಾರು ಸ್ವಾಮಿ ಕೊಡ್ತಾರೆ?’ ಎನ್ನುವ ಟ್ರಸ್ಟಿಗಳಿದ್ದಾರೆ. ಅವರ ಪ್ರಶ್ನೆಯಲ್ಲಿ ಹುರುಳಿಲ್ಲದೇ ಇಲ್ಲ. ಒತ್ತಾಯಕ್ಕೆ ಹಣ ಹುಟ್ಟುತ್ತದೆ. ಎಂಥ ಹಣ ಎಂಬುದನ್ನು ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞರು, ಡೆಲ್ಲಾವಿನ್ಯಾ, ಲಿಸ್ಟ್ ಮತ್ತು ಮಾಲ್ಮೆಂಡಿಯರ್, ಶಿಕಾಗೊ ಸುತ್ತಲಿನ ಬಡಾವಣೆಗಳಲ್ಲಿ ಅಳೆದು ನೋಡಿದರು. ಅವರ ವರದಿ 2012ರಲ್ಲಿ ಪ್ರಕಟವಾಯಿತು. ದೇಣಿಗೆಗೆ ಮನೆ ಬಾಗಿಲಿಗೆ ಹೋಗುವ ಹಿಂದಿನ ದಿನ, ‘ನಾಳೆ ಇಷ್ಟು ಹೊತ್ತಿಗೆ ಬರುತ್ತೇವೆ’ ಎಂಬ ಚೀಟಿಯನ್ನು ಕೆಲವು ಮನೆಗಳ ಬಾಗಿಲಿಗೆ ಸಿಕ್ಕಿಸಿದರು. ಅಂಥ ಮನೆಗಳಲ್ಲಿ ಬಾಗಿಲು ತೆರೆದವರ ಪ್ರಮಾಣ ಶೇ 9ರಿಂದ 25ರಷ್ಟು ಕುಸಿಯಿತು. ಇನ್ನು ಕೆಲವು ಚೀಟಿಗಳಲ್ಲಿ ‘ದಯವಿಟ್ಟು ಬರಬೇಡಿ’ ಎಂದು ಗುರುತು ಹಾಕಲು ಒಂದು ಚೌಕವಿತ್ತು. ಅಲ್ಲಿ ಕೊಡುವವರ ಸಂಖ್ಯೆಯೂ ಶೇ 28ರಿಂದ 42ರಷ್ಟು ಇಳಿಯಿತು. ಆದರೆ ಹೀಗೆ ನಿಂತುಹೋದದ್ದು ಬಹುತೇಕ ಹತ್ತು ಡಾಲರ್‌ಗಿಂತ ಕಡಿಮೆಯ ದೇಣಿಗೆಗಳು. ಮನಸ್ಸಿದ್ದು ದೊಡ್ಡ ಮೊತ್ತ ಕೊಡುವವರಿಗೆ ಬೇಡವೆನ್ನುವ ಚೌಕ ಅಡ್ಡಿಯಾಗಲಿಲ್ಲ. ಮುಲಾಜಿಗೆ ಕೊಟ್ಟವನು ಹತ್ತು ರೂಪಾಯಿ ಕೊಟ್ಟು ಸಾಗಹಾಕುತ್ತಾನೆ, ಮುಂದಿನ ವರ್ಷ ಫೋನ್ ಎತ್ತುವುದಿಲ್ಲ ಎಂದು ನಮ್ಮ ಗಣೇಶೋತ್ಸವದ ಚಂದಾ ಹುಡುಗರನ್ನು ಕೇಳಿದ್ದರೂ ಹೇಳುತ್ತಿದ್ದರು.

ಹಾಗೆಂದು ಪತ್ರದಲ್ಲಿ ಬರೀ ಅಂಕಿಅಂಶ ತುಂಬಿದರೆ ಅದೂ ಕೆಲಸಕ್ಕೆ ಬಾರದು. 2007ರಲ್ಲಿ ಸ್ಮಾಲ್, ಲೋವೆನ್‌ಸ್ಟೈನ್, ಸ್ಲೋವಿಕ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಐದು ಡಾಲರ್‌ವರೆಗೆ ಕೊಡಬಹುದಾದ ಜನರಿಗೆ ಮೂರು ಬಗೆಯ ಮನವಿ ಕೊಟ್ಟಿದ್ದರು. ಆಫ್ರಿಕಾದಲ್ಲಿ ಹಸಿದ ಲಕ್ಷಾಂತರ ಜನರ ಲೆಕ್ಕ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ವಿಷಯ ಓದಿದವರು 2.38 ಡಾಲರ್ ಕೊಟ್ಟರು. ಹುಡುಗಿಯ ವಿಷಯಕ್ಕೆ ಅಂಕಿಅಂಶವನ್ನೂ ಸೇರಿಸಿ ಕೊಟ್ಟಾಗ ಮೊತ್ತ 1.43ಕ್ಕೆ ಇಳಿಯಿತು. ಮನಸ್ಸು ಕರಗುವುದು ಒಬ್ಬರಿಗೆ. ಆದ್ದರಿಂದ ಪತ್ರದಲ್ಲಿ ಒಬ್ಬರು ಬೇಕು. ಅವರನ್ನು ಹೇಗೆ ಕರೆತರುವುದು ಎಂಬಲ್ಲೇ ಬರೆಯುವವರ ಕಸುಬು ಗೊತ್ತಾಗುವುದು.

ಮೊದಲು ಒಪ್ಪಿಗೆ. ವಾರ ವಾರ ಗಾಯ ತೊಳೆಯಲು ಬರುವ ನರ್ಸ್ ‘ನಿಮ್ಮ ಕಥೆ ಬರೀಬಹುದಾ?’ ಎಂದು ಕೇಳಿದರೆ ಯಾವ ರೋಗಿಯೂ ಇಲ್ಲ ಎನ್ನಲಾರರು. ಇಲ್ಲ ಎಂದರೆ ಜೀಪು ನಿಲ್ಲಬಹುದೆಂಬ ಅಂಜಿಕೆ ಒಳಗಿರುತ್ತದೆ. ಆರೈಕೆಗೆ ಸಂಬಂಧವಿಲ್ಲದ ಇನ್ನೊಬ್ಬರು ಹೋಗಿ ಕೇಳಬೇಕು, ಬರೆದದ್ದನ್ನು ಅವರಾಡುವ ಭಾಷೆಯಲ್ಲಿ ಓದಿ ಹೇಳಬೇಕು, ಬೇಡವೆಂದ ಸಾಲನ್ನು ಅಲ್ಲೇ ಹೊಡೆದುಹಾಕಬೇಕು. ಹಲವರ ಅನುಭವ ಸೇರಿಸಿ ಒಬ್ಬರನ್ನು ಚಿತ್ರಿಸಿದ್ದರೆ ಆ ಮಾತನ್ನು ಪತ್ರದಲ್ಲೇ ಹೇಳಬೇಕು. ಆ ಮನೆಯ ಅಂಗಳದಲ್ಲಿ ನಿಂತು, ಅವರೆದುರೇ ಗಟ್ಟಿಯಾಗಿ ಓದಲಾಗದ ಸಾಲು ಪತ್ರದಲ್ಲಿ ಇರಕೂಡದು ಎಂಬುದು ನನ್ನ ಅಳತೆ.

ಇನ್ನು ಲೆಕ್ಕ. ನಮ್ಮ ಮಾದರಿ ಟ್ರಸ್ಟ್‌ನಲ್ಲಿ ನರ್ಸ್ ಸಂಬಳ 22,000, ಡ್ರೈವರ್ ಸಂಬಳ 16,000, ಡೀಸೆಲ್ ಮತ್ತು ರಿಪೇರಿ 11,000, ಔಷಧಿ ಹಾಗೂ ಗಾಯದ ಸಾಮಾನು 16,000, ಒಟ್ಟು ತಿಂಗಳಿಗೆ 65,000 ರೂಪಾಯಿ ಎಂದಿರಲಿ. ತಿಂಗಳಿಗೆ ನೂರು ಮನೆಭೇಟಿಯಾದರೆ ಒಂದು ಭೇಟಿಗೆ 650 ಬೀಳುತ್ತದೆ. ‘ನಿಮ್ಮ 650 ರೂಪಾಯಿ ಈ ಅಜ್ಜಿಯ ನೋವು ನೀಗಿಸುತ್ತದೆ’ ಎಂದು ಬರೆಯುವ ಆಸೆ ಇಲ್ಲೇ ಹುಟ್ಟುವುದು. ಅದು ನಿಜವಲ್ಲ. ಹಣ ಒಂದೇ ಖಾತೆಗೆ ಬೀಳುತ್ತದೆ, ಅದರಲ್ಲಿ ಜೀಪಿನ ಟೈರೂ ಬರುತ್ತದೆ. ‘ಔಷಧಿಗೆ ಮಾತ್ರ ಬಳಸಿ’ ಎಂದು ಕೊಟ್ಟ ಹಣವನ್ನು ಡೀಸೆಲ್‌ಗೆ ಮುಟ್ಟುವಂತಿಲ್ಲ. ಹಾಗಾಗಿ ಕಪಾಟಿನಲ್ಲಿ ಔಷಧಿ ತುಂಬಿದ್ದೂ ಜೀಪು ಶೆಡ್ಡಿನಲ್ಲೇ ನಿಲ್ಲುವ ಪ್ರಸಂಗ ಬರುತ್ತದೆ. ಭೇಟಿಯ ಸರಾಸರಿ ಖರ್ಚು ಎಂದೇ ಬರೆದರೆ ಓದುಗನಿಗೆ ಅರ್ಥವಾಗುತ್ತದೆ.

ಈಗ ತೆರಿಗೆ. ‘80ಜಿ ಅಡಿ ಶೇ 50 ವಿನಾಯಿತಿ’ ಎಂಬ ಸಾಲು ಓದಿದವರಲ್ಲಿ ಅನೇಕರು ಕೊಟ್ಟದ್ದರಲ್ಲಿ ಅರ್ಧ ವಾಪಸು ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಹತ್ತು ಸಾವಿರ ಕೊಟ್ಟರೆ ಐದು ಸಾವಿರ ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯುತ್ತದೆ. ಶೇ 20ರ ಹಂತದಲ್ಲಿರುವವರಿಗೆ, ಸೆಸ್ ಬಿಟ್ಟು, ಉಳಿಯುವುದು ಸಾವಿರ ರೂಪಾಯಿ. ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಈ ಅನುಕೂಲವೇ ಇಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೂ ಇಲ್ಲ. ಅಂದರೆ ‘ಇನ್ನು ಮೂರೇ ದಿನ’ ಎಂಬ ಕೆಂಪಕ್ಷರ ಬಹಳ ಜನರ ಪಾಲಿಗೆ ಸುಳ್ಳು ಅವಸರ. ಪರದೇಶದ ಬಂಧುಗಳಿಗೆ ಪತ್ರ ಕಳಿಸುವ ಮುಂಚೆಯೂ ನೋಡಿಕೊಳ್ಳಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು ಒಸಿಐ ಕಾರ್ಡ್ ಹೊಂದಿದ್ದರೂ ಅವರ ಹಣ ವಿದೇಶಿಯೇ, ಎಫ್‌ಸಿಆರ್‌ಎ ಅನುಮತಿಯಿಲ್ಲದ ಟ್ರಸ್ಟ್ ಅದನ್ನು ತೆಗೆದುಕೊಳ್ಳುವಂತಿಲ್ಲ.

ಇಷ್ಟನ್ನು ಗಮನದಲ್ಲಿಟ್ಟು ಆ ಪತ್ರವನ್ನು ಮತ್ತೆ ಬರೆದರೆ ಹೀಗಾದೀತು. ಅಜ್ಜಿ ಕಲ್ಪಿತಳು, ಆದರೆ ಮನೆಮನೆಗೆ ಹೋಗುವ ಯಾವ ನರ್ಸ್‌ಗೂ ಅಪರಿಚಿತಳಲ್ಲ.

‘ಮಾನ್ಯರೇ, ಬಾಯಿಯ ಕ್ಯಾನ್ಸರ್ ಆದ ಅಜ್ಜಿಯೊಬ್ಬರು ಗಾಯದ ವಾಸನೆಗೆ ಅಂಜಿ, ತಾವಾಗಿಯೇ ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಸಿಗೆ ಸಾಗಿಸಿಕೊಂಡಿದ್ದರು. ನಮ್ಮ ನರ್ಸ್ ಗಾಯ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಉದುರಿಸಿ ಕಟ್ಟು ಹಾಕಿದರು. ದಿನವೂ ಹಾಗೆ ಮಾಡುವುದನ್ನು ಸೊಸೆ ಕಲಿತುಕೊಂಡರು. ವಾಸನೆ ಇಳಿಯಿತು. ಕಾಯಿಲೆ ಇಳಿಯಲಿಲ್ಲ, ಇಳಿಯುವಂಥದ್ದೂ ಅಲ್ಲ. ಅಜ್ಜಿ ಪಡಸಾಲೆಗೆ ಬಂದು ಮೊಮ್ಮಕ್ಕಳ ನಡುವೆ ಕೂತರು. ಮುಂದಿನ ವಾರ ಹೋದಾಗ ಕಾಫಿ ಕುಡಿಯದೆ ಹೋಗಬೇಡ ಎಂದು ನರ್ಸ್‌ಗೆ ಗದರಿದರು.

ಇಂಥ ಒಂದು ಭೇಟಿಗೆ ನಮಗೆ ಸರಾಸರಿ 650 ರೂಪಾಯಿ ಖರ್ಚಾಗುತ್ತದೆ. ಬರುವ ವರ್ಷಕ್ಕೆ ಬೇಕಾದ 7,80,000ದಲ್ಲಿ 5,40,000 ಹೊಂದಿಕೆಯಾಗಿದೆ. ಉಳಿದ 2,40,000 ಸೇರದಿದ್ದರೆ ಜೀಪು ನಿಲ್ಲುವುದಿಲ್ಲ, ಆದರೆ ಸುಮಾರು 370 ಭೇಟಿ ಕಡಿಮೆಯಾಗುತ್ತವೆ. ನಿಮಗೆ ಸಾಧ್ಯವಾದರೆ ಎಷ್ಟಾದರೂ ಕಳಿಸಿ. ಈ ವರ್ಷ ಆಗದಿದ್ದರೆ ಏನೂ ಬೇಸರವಿಲ್ಲ; ಮತ್ತೆ ಫೋನ್ ಮಾಡಿ ಕೇಳುವುದಿಲ್ಲ. ಈ ಪತ್ರ ಇನ್ನು ಬೇಡವೆನಿಸಿದರೆ ಒಂದು ಮೆಸೇಜ್ ಸಾಕು. ಕೊಟ್ಟವರಿಗೂ ಕೊಡದವರಿಗೂ ಖರ್ಚಿನ ಲೆಕ್ಕ ಜೂನ್‌ನಲ್ಲಿ ಬರುತ್ತದೆ.’

ಗಾಯದ ಫೋಟೊ ಇಲ್ಲ, ಗಡುವಿಲ್ಲ, ಗುಣಪಡಿಸುವ ಭರವಸೆಯೂ ಇಲ್ಲ. ಅಜ್ಜಿ ಇಲ್ಲಿ ಕೊನೆಗೂ ಮನೆಯ ಯಜಮಾನಿಯಾಗಿಯೇ ಇದ್ದಾರೆ, ನರ್ಸ್‌ಗೆ ಕಾಫಿ ಕುಡಿಯೆಂದು ಗದರುವಷ್ಟು. ‘ಆಗದಿದ್ದರೆ ಬೇಸರವಿಲ್ಲ’ ಎಂಬ ಸಾಲಿನ ಬಗ್ಗೆ ಒಂದು ಎಚ್ಚರಿಕೆ. ಫ್ರಾನ್ಸ್‌ನ ಸಂಶೋಧಕರಾದ ಗೆಗೆನ್ ಮತ್ತು ಪಾಸ್ಕುಯಲ್ 2000ರಲ್ಲಿ ತೋರಿಸಿದಂತೆ, ಬೀದಿಯಲ್ಲಿ ಬಸ್ಸಿಗೆ ಚಿಲ್ಲರೆ ಕೇಳುವಾಗ ‘ಕೊಡುವುದು ಬಿಡುವುದು ನಿಮ್ಮಿಷ್ಟ’ ಎಂದು ಸೇರಿಸಿದಾಗ ಕೊಟ್ಟವರ ಪ್ರಮಾಣ ಶೇ 10ರಿಂದ 47.5ಕ್ಕೆ ಏರಿತು. ಇದು ಗೊತ್ತಾದ ಮೇಲೆ ಈ ಸಾಲನ್ನೇ ಗಾಳವಾಗಿ ಬಳಸುವವರೂ ಇದ್ದಾರು. ಫೋನ್ ಮಾಡುವುದಿಲ್ಲ ಎಂದು ಬರೆದು ಏಪ್ರಿಲ್‌ನಲ್ಲಿ ಫೋನ್ ಮಾಡಿದರೆ, ಕೆಂಪಕ್ಷರದ ಪತ್ರವೇ ಇದಕ್ಕಿಂತ ಪ್ರಾಮಾಣಿಕವಾಗಿತ್ತು ಎನ್ನಬೇಕಾಗುತ್ತದೆ.

ಓದುಗರಿಗೆ ಒಂದು ಮಾತು. ಈ ಮಾರ್ಚ್‌ನಲ್ಲಿ ನೀವು ಯಾವುದಾದರೂ ಟ್ರಸ್ಟ್‌ಗೆ ಕೊಟ್ಟು ತೆರಿಗೆ ಕಡಿತ ಕೇಳುವುದಾದರೆ, ಪ್ಯಾನ್ ನಂಬರ್ ಬರೆಸಿ. ಬರೀ ರಸೀದಿ ಸಾಲದು; ಟ್ರಸ್ಟ್ ದಾನಿಗಳ ಪಟ್ಟಿಯನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ನಿಮಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ಅದು ಬಾರದಿದ್ದರೆ ಸಂಕೋಚವಿಲ್ಲದೆ ಕೇಳಿ ಪಡೆಯಿರಿ.