ಬೆಲೆಯ ಕೆಳಗಿರುವ ಸಣ್ಣ ಅಕ್ಷರಗಳು

1688 ಎಂಬುದು ಅಲಿಬಾಬಾ ಕಂಪನಿಯ ಸಗಟು ಆ್ಯಪ್. ಮುಖ್ಯವಾಗಿ ಚೀನಾದೊಳಗಿನ ಅಂಗಡಿಯವರಿಗಾಗಿ ಇರುವ ಇದರ ಭಾಷೆ ಚೀನೀ, ಬೆಲೆ ಯುವಾನ್‌ನಲ್ಲಿ. ಸರಕಿನ ಚಿತ್ರದ ಕೆಳಗೆ ದೊಡ್ಡದಾಗಿ ಕಾಣುವ ಬೆಲೆಯ ಪಕ್ಕದಲ್ಲೇ 起批 ಎಂಬ ಪದ ಇರುತ್ತದೆ. ಕನಿಷ್ಠ ಎಷ್ಟು ಕೊಳ್ಳಬೇಕೆಂಬುದನ್ನು ಅದು ಹೇಳುತ್ತದೆ. ಪ್ರಮಾಣ ಹೆಚ್ಚಿದಂತೆ ಬಿಡಿಬೆಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದೂ ಅಲ್ಲೇ ಕಾಣುತ್ತದೆ.

ಚೆಂಗ್ಡುವಿನ ಒಂದು ಸಣ್ಣ ಫ್ಯಾನ್ಸಿ ಅಂಗಡಿಗೆ ಇವೂ ನಗರದ ವ್ಯಾಪಾರಿಯಿಂದ ಕೂದಲ ಕ್ಲಿಪ್ ಬೇಕು ಎಂದುಕೊಳ್ಳೋಣ. 3ರಿಂದ 119ರವರೆಗೆ ಒಂದಕ್ಕೆ 2 ಯುವಾನ್, 120 ಅಥವಾ ಹೆಚ್ಚಾದರೆ 1.60. ನೂರು ಕ್ಲಿಪ್ಪಿಗೆ 200 ಯುವಾನ್ ಆಗುತ್ತದೆ, 120ಕ್ಕೆ 192 ಮಾತ್ರ. ಮೆಟ್ಟಿಲಿನ ಅಂಚಿನಲ್ಲಿ ಹೀಗೆ ಹೆಚ್ಚು ಕೊಂಡರೇ ಕಡಿಮೆ ಬೀಳುವುದುಂಟು. ಒಂದೇ ಬಗೆಯ ಸರಕು ಅಷ್ಟು ಬೇಡವಾದರೆ 混批 ಎಂಬ ಗುರುತು ಹುಡುಕಬೇಕು. ಒಂದೇ ಮಾರಾಟಗಾರನ ಬೇರೆ ಬೇರೆ ಸರಕುಗಳನ್ನು ಸೇರಿಸಿ, ಒಟ್ಟು ಮೊತ್ತ ಅಥವಾ ಸಂಖ್ಯೆ ತುಂಬಿಸಲು ಅದು ಅವಕಾಶ ಕೊಡುತ್ತದೆ.

ನಿಜವಾದ ಬೆಲೆ ತೀರ್ಮಾನವಾಗುವುದು ಸಾಗಣೆಯಲ್ಲಿ. ಕೊರಿಯರ್ ಮೊದಲ ಕಿಲೋಗೆ ಒಂದು ದರ, ಮುಂದಿನ ಪ್ರತಿ ಕಿಲೋಗೆ ಇನ್ನೊಂದು ದರ ಹಾಕುತ್ತದೆ. ಮೊದಲನೆಯದು 8, ಮುಂದಿನದು 4 ಯುವಾನ್ ಎಂದಿರಲಿ. ತಲಾ 20 ಗ್ರಾಮಿನ 120 ಕ್ಲಿಪ್ಪು ಪೆಟ್ಟಿಗೆ ಸೇರಿ 3 ಕಿಲೋ ಲೆಕ್ಕಕ್ಕೆ ಬಂದರೆ ಸಾಗಣೆಗೆ 16; ಒಟ್ಟು 208, ಅಂದರೆ ಒಂದಕ್ಕೆ 1.73. ಪಕ್ಕದ ಮಾರಾಟಗಾರ 包邮 ಎಂದು, ಅಂದರೆ ಸಾಗಣೆ ಸೇರಿಸಿ, 1.75 ಹೇಳಿದ್ದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ. ಆದರೆ ಹನ್ನೆರಡೇ ಕ್ಲಿಪ್ ಬೇಕಾದಾಗ ಮೊದಲನೆಯವನಲ್ಲಿ ಒಂದಕ್ಕೆ 2.67 ಆಗುತ್ತದೆ, ಎರಡನೆಯವನ 1.75 ಹಾಗೇ ಉಳಿಯುತ್ತದೆ. 包邮 ಇದ್ದರೂ ಷಿನ್‌ಜಿಯಾಂಗ್, ಟಿಬೆಟ್‌ನಂಥ ದೂರದ ಪ್ರಾಂತ್ಯಗಳನ್ನು ಹಲವರು ಹೊರಗಿಡುತ್ತಾರೆ. 到付 ಎಂದಿದ್ದರೆ ಬಾಡಿಗೆಯನ್ನು ಸರಕು ಪಡೆಯುವವರೇ ಕೊಡಬೇಕು. ಭಾರದ ಲಾರಿ ಸರಕಿನಲ್ಲಿ ಇದು ಸಾಮಾನ್ಯ. ಏಜೆಂಟರ ಮೂಲಕ ತರಿಸುವ ಕರ್ನಾಟಕದ ವ್ಯಾಪಾರಿಗೆ 包邮 ಅನ್ವಯಿಸುವುದು ಚೀನಾದಲ್ಲಿರುವ ಏಜೆಂಟರ ಗೋದಾಮಿನವರೆಗೆ ಮಾತ್ರ. ಅಲ್ಲಿಂದಾಚೆಯ ಸಾಗಣೆ, ಸುಂಕ ಬೇರೆ.

ಮಾರಾಟಗಾರನ ಹೆಸರಿನ ಬಳಿಯೂ ಚಾಟ್‌ನಲ್ಲೂ ಕಾಣುವ ಗುರುತುಗಳ ತೂಕ ಒಂದೇ ಅಲ್ಲ. 诚信通 ವಾರ್ಷಿಕ ಶುಲ್ಕ ಕಟ್ಟಿದ ಸದಸ್ಯತ್ವದ ಗುರುತು. ಸರಕಿನ ಗುಣಮಟ್ಟಕ್ಕೆ ಅದು ಸಾಕ್ಷಿಯಲ್ಲ. 深度验厂 ಎಂದಿದ್ದರೆ ಹೊರಗಿನ ತಪಾಸಣಾ ಸಂಸ್ಥೆಯೊಂದು ಕಾರ್ಖಾನೆಯನ್ನು ಹೋಗಿ ನೋಡಿದೆ ಎಂದರ್ಥ. 48小时发货 ಎಂಬುದು ಸರಕನ್ನು ಕಳುಹಿಸುವ ಗಡುವು, ತಲುಪುವ ಗಡುವಲ್ಲ. ಹೆಚ್ಚು ಎಡವುವುದು 现货 ಎಂಬಲ್ಲಿ. ಸ್ಟಾಕ್ ಇದೆ ಎಂದು ಅದು ಹೇಳುತ್ತದೆ, ಆದರೆ ಬೇಕಾದ ಬಣ್ಣವೇ ಇದೆಯೆಂದಲ್ಲ. ಹಣ ಕಟ್ಟುವ ಮುನ್ನ ಚಾಟ್‌ನಲ್ಲಿ ಬಣ್ಣ, ಸಂಖ್ಯೆ ಎರಡನ್ನೂ ಬರೆದೇ ಕೇಳುವುದು ಒಳ್ಳೆಯದು:

```
红色120个有现货吗？今天能发货吗？
```

ಕೆಂಪು 120 ಸ್ಟಾಕ್ ಇದೆಯೇ, ಇವತ್ತೇ ಕಳುಹಿಸಬಹುದೇ ಎಂಬುದು ಇದರ ಅರ್ಥ. 有 ಎಂದರೆ ಇದೆ. 没有 ಎಂದರೆ ಇಲ್ಲ. ಉತ್ತರ ಆ್ಯಪ್‌ನ ಚಾಟ್‌ನಲ್ಲೇ ಬಂದಿರಬೇಕು. ತಪ್ಪು ಬಣ್ಣ ಬಂದು ಹಣ ವಾಪಸು ಕೇಳುವಾಗ ತೋರಿಸಲು ಆ ದಾಖಲೆ ಬೇಕಾಗುತ್ತದೆ.