‘ಪೇ ಲೇಟರ್’ ಸಾಲವಲ್ಲವೇ? ಐದು ಸೆಕೆಂಡಿನಲ್ಲಿ ಒಪ್ಪಿಗೆ ಸಿಗುವುದು ಹೇಗೆ?

‘ಪೇ ಲೇಟರ್ ಸಾಲವಲ್ಲ, ಬಡ್ಡಿ ಇಲ್ಲ, ಸಿಬಿಲ್‌ಗೂ ಹೋಗಲ್ಲ’ ಎಂಬ ಮಾತು ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಇದು ಎಷ್ಟು ನಿಜ? ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ ರೇಷ್ಮೆ ಬೆಳೆಯುವವರೊಬ್ಬರು ಆನ್‌ಲೈನ್‌ನಲ್ಲಿ 12,000 ರೂಪಾಯಿಯ ಫೋನ್ ಆರಿಸುತ್ತಾರೆ ಎಂದುಕೊಳ್ಳಿ. ಹಣ ಕಟ್ಟುವ ಪುಟದಲ್ಲಿ ‘3 ಕಂತು, ತಿಂಗಳಿಗೆ 4,000’ ಎಂದಿರುತ್ತದೆ. ಅವರು ಪ್ಯಾನ್ ಸಂಖ್ಯೆ ಮತ್ತು ಒಟಿಪಿ ಕೊಡುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಒಪ್ಪಿಗೆ ಸಿಗುತ್ತದೆ.

ಆ ಹೊತ್ತಿನಲ್ಲಿ ಏನಾಯಿತು? ಆ್ಯಪ್‌ನ ಹಿಂದಿರುವ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಕಂಪ್ಯೂಟರ್ ಪ್ಯಾನ್ ಯಾರದೆಂದು ತಾಳೆ ನೋಡಿತು. ನಂತರ ಸಿಬಿಲ್‌ನಂಥ ಸಂಸ್ಥೆಯಿಂದ ಅವರ ಹಳೆಯ ಸಾಲಗಳ ವರದಿ ತರಿಸಿತು. ಎಷ್ಟು ಸಾಲವಿದೆ, ಕಂತು ತಪ್ಪಿದೆಯೇ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಅದೇ ಆ್ಯಪ್‌ನಲ್ಲಿ ಹಿಂದೆ ಮಾಡಿದ ಖರೀದಿಯನ್ನೂ ನೋಡಬಹುದು. ಎಲ್ಲ ಸರಿಯಿದ್ದರೆ ಆ ಸಂಸ್ಥೆ ಅಂಗಡಿಗೆ ಹಣ ಕೊಡುತ್ತದೆ. ಅಂದರೆ ಇದು ಸಾಲವೇ. ಇಂಥ ಸಾಲಗಳ ವಿವರವನ್ನೂ ಸಿಬಿಲ್‌ನಂಥ ಸಂಸ್ಥೆಗಳಿಗೆ ಕಳಿಸಲೇಬೇಕೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿದೆ.

ಆದರೆ ಈ ಪರೀಕ್ಷೆಗೆ ಕಾಣದ್ದೂ ಇದೆ. ನೆಂಟರ ಬಳಿ ತಂದ ಕೈಸಾಲ, ದಿನಸಿ ಅಂಗಡಿಯ ಉದ್ರಿ, ಊರಿನ ಚೀಟಿ ಆ ವರದಿಯಲ್ಲಿ ಇರುವುದಿಲ್ಲ. ಬೆಳೆಗಾರರಿಗೆ ದುಡ್ಡು ಬರುವುದು ಗೂಡು ಮಾರಿದಾಗ, ಕಂತು ಹೋಗುವುದು ಗೊತ್ತಾದ ತಾರೀಖಿಗೆ. ಹುಳುವಿಗೆ ರೋಗ ಬಂದು ಗೂಡು ಆಗದಿದ್ದರೂ ಆ ದಿನ ಖಾತೆಯಿಂದ 4,000 ತಾನಾಗಿ ಕಡಿತವಾಗಬೇಕು. ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ಯಾಂಕ್ ಶುಲ್ಕ ಹಾಕಬಹುದು, ಸಾಲ ಕೊಟ್ಟವರು ದಂಡ ಹಾಕಬಹುದು. ಕಂತು ತಪ್ಪಿದ್ದು ವರದಿಗೂ ಸೇರುತ್ತದೆ. ನಾಳೆ ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ನೋಡುವುದು ಇದೇ ವರದಿಯನ್ನು. ಹಾಗಾಗಿ ‘ಒಪ್ಪಿಗೆ ಸಿಕ್ಕಿತು’ ಎಂದರೆ ‘ನನಗೆ ಕಟ್ಟಲು ಆಗುತ್ತದೆ’ ಎಂದಲ್ಲ.

ಬಡ್ಡಿ ಇಲ್ಲವೆಂಬ ಮಾತನ್ನೂ ಲೆಕ್ಕ ಹಾಕೋಣ. ಸಂಸ್ಕರಣಾ ಶುಲ್ಕ 199 ರೂಪಾಯಿ ಇದ್ದರೆ, ಶೇ. 18 ಜಿಎಸ್‌ಟಿ ಸೇರಿ ಸುಮಾರು 235 ಆಗುತ್ತದೆ. ಮೊದಲೇ ಕಟ್ಟಿದ ಆ 235 ರೂಪಾಯಿ, ಮೂರು ತಿಂಗಳ ಈ ಸಾಲಕ್ಕೆ ವರ್ಷಕ್ಕೆ ಸುಮಾರು ಶೇ. 12 ಬಡ್ಡಿ ಕೊಟ್ಟಂತೆ.

ಒಪ್ಪುವ ಮೊದಲು ಸಾಲ ಕೊಡುವ ಸಂಸ್ಥೆಯ ಹೆಸರು ಮತ್ತು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ನೋಡಿ. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರಲೇಬೇಕು. ಸಾಲ ಕೊಡಲು ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್ ಅಥವಾ ಫೋಟೊ ಬೇಕೆಂದು ಆ್ಯಪ್ ಕೇಳಿದರೆ ಅದು ರಿಸರ್ವ್ ಬ್ಯಾಂಕ್ ನಿಯಮಕ್ಕೆ ವಿರುದ್ಧ. ಅಲ್ಲಿಗೇ ನಿಲ್ಲಿಸಿ.